ನಾಲ್ಕು ಬೆರಳಿನ ಅಂತರ: ದ್ರೋಣವಧೆಯ ಕಪಟವೂ ದೈವದ ಧರ್ಮವೂ

ಮಹಾಭಾರತದ ಕೃಷ್ಣನನ್ನು ಕುರಿತು ನಮ್ಮ ಗುರುಮಠಗಳಲ್ಲಿ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳು ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದನ್ನು ತಲುಪುತ್ತವೆ. ಮೊದಲನೆಯದು: ಕೃಷ್ಣನು ಸುಳ್ಳು ಹೇಳಿಸಿದನು, ಕ್ರಿಸ್ತನು ಸತ್ಯವೇ ಆಗಿದ್ದಾನೆ, ಆದ್ದರಿಂದ ವಿಚಾರ ಮುಗಿಯಿತು. ಎರಡನೆಯದನ್ನು ಬರೆಯುವವರು ಹೆಚ್ಚು ಸೌಜನ್ಯವುಳ್ಳವರು. ದೇವರ ನಡತೆಯನ್ನು ಮನುಷ್ಯನ ಅಳತೆಗೋಲಿನಿಂದ ಅಳೆಯಬಾರದು, ಅದು ಲೀಲೆ, ಅದರ ನಿಯಮಗಳೇ ಬೇರೆ ಎಂದು ಅವರು ಬರೆಯುತ್ತಾರೆ. ಈ ಎರಡೂ ಉತ್ತರಗಳಲ್ಲಿ ಒಂದು ಸಮಾನ ದೋಷವಿದೆ ಎಂದು ನಮಗೆ ತೋರುತ್ತದೆ. ಕಾವ್ಯವು ತಾನೇ ಈ ಪ್ರಶ್ನೆಯನ್ನು ಎತ್ತಿದೆಯೇ, ಎತ್ತಿದ್ದರೆ ಏನು ಹೇಳಿದೆ ಎಂದು ಇಬ್ಬರೂ ಕೇಳಿಲ್ಲ. ಆದ್ದರಿಂದ ಒಂದೇ ಒಂದು ಪ್ರಸಂಗವನ್ನು, ವ್ಯಾಸಭಾರತದ ದ್ರೋಣವಧೆಯನ್ನು, ಇಲ್ಲಿ ನಿಧಾನವಾಗಿ ಓದಲು ಯತ್ನಿಸುತ್ತೇವೆ.

ಹದಿನೆಂಟು ದಿನಗಳ ಯುದ್ಧದಲ್ಲಿ ಅದು ಹದಿನೈದನೆಯ ದಿನ. ಭೀಷ್ಮರು ಬಿದ್ದ ಮೇಲೆ ಸೇನಾಪತಿಯಾದ ದ್ರೋಣನಿಗೆ ಅದು ಐದನೆಯ ದಿನ. ಪಾಂಚಾಲರ ಸೇನೆ ಅವನ ಅಸ್ತ್ರಗಳ ಮುಂದೆ ಕರಗುತ್ತಿದೆ. ಆಗ ಕೃಷ್ಣನು ಅರ್ಜುನನಿಗೆ, ಧರ್ಮವನ್ನು ಬದಿಗಿಟ್ಟು ಜಯದ ಉಪಾಯವನ್ನು ಹಿಡಿಯಿರಿ ಎಂದು ಹೇಳುತ್ತಾನೆ. ಕೈಯಲ್ಲಿ ಬಿಲ್ಲಿರುವವರೆಗೆ ದ್ರೋಣನನ್ನು ಯಾರೂ ಗೆಲ್ಲಲಾರರು. ಮಗ ಅಶ್ವತ್ಥಾಮನು ಸತ್ತನೆಂದು ತಿಳಿದರೆ ಅವನು ಬಿಲ್ಲನ್ನು ಕೆಳಗಿಡುವನು. ಈ ಸಲಹೆಯನ್ನು ಅರ್ಜುನನು ಒಪ್ಪುವುದಿಲ್ಲ. ಉಳಿದವರು ಒಪ್ಪುತ್ತಾರೆ. ಯುಧಿಷ್ಠಿರನು ಕಷ್ಟದಿಂದ ಒಪ್ಪುತ್ತಾನೆ. ಭೀಮನು ತಮ್ಮದೇ ಪಕ್ಷದ, ಮಾಳವದ ಅರಸನ, ಅಶ್ವತ್ಥಾಮನೆಂಬ ಹೆಸರಿನ ಆನೆಯನ್ನು ಕೊಂದು, ನಾಚಿಕೊಳ್ಳುತ್ತಲೇ ದ್ರೋಣನ ಬಳಿಗೆ ಹೋಗಿ ಅಶ್ವತ್ಥಾಮ ಸತ್ತನೆಂದು ಕೂಗುತ್ತಾನೆ.

ದ್ರೋಣನ ಅಂಗಾಂಗಗಳು ಸಡಿಲಗೊಳ್ಳುತ್ತವೆ. ಆದರೂ ಮಗನ ಪರಾಕ್ರಮವನ್ನು ಬಲ್ಲವನಾದ್ದರಿಂದ ಅವನು ನಂಬುವುದಿಲ್ಲ, ಯುದ್ಧ ಮುಂದುವರಿಯುತ್ತದೆ. ಈ ನಡುವೆ ಋಷಿಗಳು ಅವನೆದುರು ಕಾಣಿಸಿಕೊಳ್ಳುತ್ತಾರೆ. ಅವನ ಯುದ್ಧವೇ ಅಧರ್ಮದ್ದು, ಬ್ರಹ್ಮಾಸ್ತ್ರವನ್ನು ಅರಿಯದ ಜನರನ್ನು ಅದರಿಂದ ಸುಟ್ಟದ್ದು ತಪ್ಪು, ಅವನ ಕಾಲ ಮುಗಿಯಿತು, ಆಯುಧವನ್ನಿಡಬೇಕು ಎಂದು ಹೇಳುತ್ತಾರೆ. ಇದನ್ನು ಮರೆತು ದ್ರೋಣನನ್ನು ನಿರಪರಾಧಿಯಾಗಿ ಚಿತ್ರಿಸುವುದು ಕಾವ್ಯಕ್ಕೆ ಮಾಡುವ ಅನ್ಯಾಯ. ಮೋಸಕ್ಕೆ ಗುರಿಯಾದವನೂ ನಿಯಮ ಮೀರಿದವನೇ. ಆದರೂ ಇನ್ನೊಂದು ಅಂಶ ಗಮನಾರ್ಹ. ಎಲ್ಲವನ್ನೂ ಬಲ್ಲ ಆ ಋಷಿಗಳು ದ್ರೋಣನ ತಪ್ಪನ್ನು ಹೇಳಿದರೇ ಹೊರತು ಅವನ ಮಗ ಜೀವಂತನಾಗಿದ್ದಾನೆ ಎಂಬುದನ್ನು ಹೇಳಲಿಲ್ಲ.

ಮನಸ್ಸು ಕುಗ್ಗಿದ ದ್ರೋಣನು ಯುಧಿಷ್ಠಿರನನ್ನೇ ಕೇಳುತ್ತಾನೆ. ಮೂರು ಲೋಕಗಳ ಒಡೆತನಕ್ಕಾಗಿಯೂ ಈತ ಸುಳ್ಳಾಡನು ಎಂಬ ನಂಬಿಕೆ ಅವನದು. ಶಿಷ್ಯನ ಬಾಲ್ಯದಿಂದ ಬೆಳೆದ ನಂಬಿಕೆ ಅದು. ಇದನ್ನು ಅರಿತ ಕೃಷ್ಣನು ಯುಧಿಷ್ಠಿರನಿಗೆ ಹೇಳುವುದು ಇಷ್ಟು: ದ್ರೋಣನು ಇನ್ನು ಅರ್ಧ ದಿನ ಹೀಗೆ ಕಾದಿದರೆ ನಿನ್ನ ಸೇನೆ ಉಳಿಯದು, ಪ್ರಾಣ ಉಳಿಸುವುದಕ್ಕಾಗಿ ಆಡಿದ ಸುಳ್ಳು ಸತ್ಯಕ್ಕಿಂತ ಮೇಲಾಗಬಹುದು. ಸುಳ್ಳಿನ ಭಯ ಒಂದು ಕಡೆ, ಜಯದ ಆಸೆ ಇನ್ನೊಂದು ಕಡೆ. ಯುಧಿಷ್ಠಿರನು ಅಶ್ವತ್ಥಾಮನು ಸತ್ತನೆಂದು ಗಟ್ಟಿಯಾಗಿಯೂ, ಆನೆ ಎಂಬ ಮಾತನ್ನು ಅಸ್ಪಷ್ಟವಾಗಿಯೂ ನುಡಿಯುತ್ತಾನೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ನಮ್ಮಲ್ಲಿ ಹೆಚ್ಚಿನವರು ಬಾಲ್ಯದಿಂದ ಕೇಳಿದ ಕತೆಯಲ್ಲಿ, ಆನೆ ಎಂಬ ಮಾತು ಬರುವ ಹೊತ್ತಿಗೆ ಸರಿಯಾಗಿ ಕೃಷ್ಣನು ಶಂಖವನ್ನು ಊದುತ್ತಾನೆ. ಮಾತು ಶಂಖನಾದದಲ್ಲಿ ಮುಳುಗಿಹೋಗುತ್ತದೆ. ಈ ರೂಪದಲ್ಲಿ ಯುಧಿಷ್ಠಿರನು ಪೂರ್ಣ ಸತ್ಯವನ್ನೇ ಹೇಳಿದವನಾಗುತ್ತಾನೆ, ಮೋಸವೆಲ್ಲ ದೇವರ ಪಾಲಿಗೆ ಹೋಗುತ್ತದೆ, ದೇವರಿಗೆ ಅದು ತಗಲುವುದಿಲ್ಲವಾದ್ದರಿಂದ ಕೊನೆಗೆ ಯಾರಿಗೂ ತಗಲುವುದಿಲ್ಲ. ಜನಪ್ರಿಯ ನಿರೂಪಣೆಯ ಜಾಣತನ ಇದು. ವ್ಯಾಸಭಾರತದಲ್ಲಾದರೋ ಶಂಖವಿಲ್ಲ. ಮಾತನ್ನು ನುಂಗಿದವನು ಮಾತಾಡಿದವನೇ. ಅಷ್ಟರವರೆಗೆ ಯುಧಿಷ್ಠಿರನ ರಥ ನೆಲದಿಂದ ನಾಲ್ಕು ಬೆರಳಿನಷ್ಟು ಮೇಲೆ ನಿಂತಿರುತ್ತಿತ್ತು. ಆ ಮಾತಾದ ಮೇಲೆ ಅವನ ಕುದುರೆಗಳು ನೆಲವನ್ನು ಮುಟ್ಟಿದವು ಎಂದು ಕವಿ ಹೇಳುತ್ತಾನೆ. ಶಾಪವಿಲ್ಲ, ಆಕಾಶವಾಣಿಯಿಲ್ಲ, ವ್ಯಾಖ್ಯಾನವಿಲ್ಲ. ಎಲ್ಲ ರಥಗಳೂ ಓಡುವ ನೆಲದ ಮೇಲೆ ಅವನ ರಥವೂ ಓಡಿತು, ಅಷ್ಟೇ.

ದ್ರೋಣನು ಕೊನೆಗೆ ಆಯುಧವನ್ನಿಟ್ಟು ಯೋಗದಲ್ಲಿ ಕುಳಿತಾಗ ಧೃಷ್ಟದ್ಯುಮ್ನನು ಅವನ ತಲೆಯನ್ನು ಕಡಿಯುತ್ತಾನೆ. ಆಚಾರ್ಯರನ್ನು ಕೊಲ್ಲಬೇಡ, ಜೀವಂತ ತಾ ಎಂದು ಅರ್ಜುನನು ಕೂಗುತ್ತಿದ್ದನು. ಅನಂತರ ಅಣ್ಣನ ಮುಖಕ್ಕೇ ಅವನು ಹೇಳುತ್ತಾನೆ: ವಾಲಿಯನ್ನು ಕೊಂದ ರಾಮನಿಗೆ ಅಪಕೀರ್ತಿ ಉಳಿದಂತೆ ಇದೂ ಲೋಕದಲ್ಲಿ ಬಹುಕಾಲ ಉಳಿಯುವುದು. ಒಂದು ಮಹಾಕಾವ್ಯದ ಪಾತ್ರ ಇನ್ನೊಂದು ಮಹಾಕಾವ್ಯದ ದೈವೀಪುರುಷನ ನಡತೆಯನ್ನು ಕಳಂಕದ ಉದಾಹರಣೆಯಾಗಿ ಎತ್ತಿಕೊಳ್ಳುವುದು ಸಣ್ಣ ವಿಷಯವಲ್ಲ. ದೈವಕ್ಕೆ ನಿಯಮ ಬೇರೆ ಎಂಬ ಉತ್ತರವು ಅರ್ಜುನನಿಗೆ ಹೊಳೆದಿರಲಿಲ್ಲ, ಅಥವಾ ಸಾಕಾಗಿರಲಿಲ್ಲ.

ಹಾಗಾದರೆ ಕೃಷ್ಣನಿಗೆ ಹೊಳೆದಿತ್ತೇ? ತನ್ನನ್ನು ತಾನು ಸಮರ್ಥಿಸಿಕೊಳ್ಳುವಾಗ ಅವನು ಏನೆನ್ನುತ್ತಾನೆ ಎಂಬುದು ನಮ್ಮ ಪ್ರಶ್ನೆಗೆ ನೇರ ಸಾಕ್ಷ್ಯ. ದುರ್ಯೋಧನನು ತೊಡೆ ಮುರಿದು ಬಿದ್ದ ಮೇಲೆ ಕೃಷ್ಣನ ಕಪಟಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಾನೆ: ಭೀಷ್ಮನ ಮುಂದೆ ಶಿಖಂಡಿ, ದ್ರೋಣನಿಗೆ ಆ ಸುಳ್ಳು, ರಥದ ಗಾಲಿ ಹೂತಾಗ ಕರ್ಣ. ಮಾತು ಮುಗಿಯುತ್ತಲೇ ಆಕಾಶದಿಂದ ಹೂಮಳೆ ಬೀಳುವುದು ದುರ್ಯೋಧನನ ಮೇಲೆ. ಪಾಂಡವರು ನಾಚುತ್ತಾರೆ. ಆಗ ಕೃಷ್ಣನು ಅವರನ್ನು ಸಂತೈಸುತ್ತ, ಈ ವೀರರನ್ನು ನೇರ ಯುದ್ಧದಲ್ಲಿ ಗೆಲ್ಲಲಾಗುತ್ತಿರಲಿಲ್ಲ, ಹಿಂದೆ ದೇವತೆಗಳೂ ಅಸುರರನ್ನು ಉಪಾಯದಿಂದಲೇ ಕೊಂದರು ಎನ್ನುತ್ತಾನೆ. ‘ದೈವದ ನಿಯಮ’ ಎಂಬ ವಾದಕ್ಕೆ ಕಾವ್ಯದಲ್ಲಿ ಇದಕ್ಕಿಂತ ಹತ್ತಿರದ ಮಾತು ನಮಗೆ ಕಾಣುವುದಿಲ್ಲ. ಆದರೆ ಅವನು ದೇವತೆಗಳಿಗೆ ಮಾತ್ರ ಸಲ್ಲುವ ವಿನಾಯಿತಿಯನ್ನು ಕೇಳುತ್ತಿಲ್ಲ. ದೇವತೆಗಳು ತುಳಿದ ದಾರಿಯನ್ನು ಮನುಷ್ಯರೂ ತುಳಿಯಬಹುದು ಎಂದು ಪೂರ್ವನಿದರ್ಶನವನ್ನು ಕೊಡುತ್ತಿದ್ದಾನೆ. ನಿಯಮ ಒಂದೇ, ಅದು ಸಡಿಲವಾದ ನಿಯಮ. ಆ ಹೂಮಳೆಯನ್ನು ಸುರಿಸಿದವರಿಗೆ ಈ ವಾದ ಒಪ್ಪಿಗೆಯಾಗಿತ್ತೆಂದು ನಂಬುವುದು ಕಷ್ಟ.

ಇನ್ನೊಂದು ಮಾತು ಯುದ್ಧ ಮುಗಿದ ಮೇಲೆ, ಆಶ್ವಮೇಧಿಕ ಪರ್ವದಲ್ಲಿ ಬರುತ್ತದೆ. ದಾರಿಯಲ್ಲಿ ಸಿಕ್ಕ ಉತ್ತಂಕ ಮುನಿಯು, ತಡೆಯಬಲ್ಲವನಾಗಿಯೂ ಕುರುವಂಶದ ನಾಶವನ್ನು ತಡೆಯಲಿಲ್ಲವೆಂದು ಕೃಷ್ಣನನ್ನು ಶಪಿಸಲು ಹೊರಡುತ್ತಾನೆ. ಕೃಷ್ಣನ ಉತ್ತರ ಹೀಗೆ: ದೇವಯೋನಿಯಲ್ಲಿರುವಾಗ ನಾನು ದೇವರಂತೆ ನಡೆಯುತ್ತೇನೆ, ಗಂಧರ್ವಯೋನಿಯಲ್ಲಿ ಗಂಧರ್ವನಂತೆ, ನಾಗಯೋನಿಯಲ್ಲಿ ನಾಗನಂತೆ; ಈಗ ಮನುಷ್ಯನಾಗಿರುವುದರಿಂದ ಮನುಷ್ಯನಂತೆ ಅವರನ್ನು ದೀನನಾಗಿ ಬೇಡಿದೆ, ಅವರು ಕೇಳಲಿಲ್ಲ. ಮನುಷ್ಯಾವತಾರದ ದೈವಶಾಸ್ತ್ರವನ್ನು ಓದಿದ ಯಾರಿಗೂ ಈ ಮಾತು ಕಿವಿಯಲ್ಲಿ ಉಳಿಯದೆ ಹೋಗದು. ಮನುಷ್ಯಜನ್ಮ ಎತ್ತಿದ ಮೇಲೆ ಮನುಷ್ಯರ ಮಿತಿಯೊಳಗೇ ನಡೆಯಬೇಕೆಂದು ಇಲ್ಲಿ ಒಪ್ಪಲಾಗಿದೆ. ಅಂದರೆ ಮನುಷ್ಯರ ಅಳತೆಗೋಲನ್ನು ಎತ್ತಿಕೊಳ್ಳಲು ಕೃಷ್ಣನೇ ನಮಗೆ ಅನುಮತಿ ಕೊಟ್ಟಿದ್ದಾನೆ.

ಆ ಅಳತೆಗೋಲನ್ನೂ ಅವನೇ ಕೊಟ್ಟಿದ್ದಾನೆ. ಕರ್ಣಪರ್ವದಲ್ಲಿ ಅರ್ಜುನನಿಗೆ ಅವನು ಕೌಶಿಕನ ಕತೆಯನ್ನು ಹೇಳುತ್ತಾನೆ. ಎಂದಿಗೂ ಸತ್ಯವನ್ನೇ ನುಡಿಯುವೆನೆಂದು ವ್ರತ ತೊಟ್ಟ ಕೌಶಿಕನ ಆಶ್ರಮದ ಬಳಿಯ ಕಾಡಿನಲ್ಲಿ, ಕಳ್ಳರಿಗೆ ಹೆದರಿದ ಜನ ಅಡಗುತ್ತಾರೆ. ಬೆನ್ನಟ್ಟಿ ಬಂದ ಕಳ್ಳರು ಕೇಳಿದಾಗ ಅವನು ಅಡಗಿದ ಜಾಗವನ್ನು ತೋರಿಸುತ್ತಾನೆ. ಆ ಜನ ಸಾಯುತ್ತಾರೆ, ಕೌಶಿಕನು ನರಕಕ್ಕೆ ಹೋಗುತ್ತಾನೆ. ಸಂತ ಅಗಸ್ಟೀನರು ಸುಳ್ಳಿನ ಬಗ್ಗೆ ಬರೆದ ಗ್ರಂಥದಲ್ಲಿ ಇದೇ ಇಕ್ಕಟ್ಟಿಗೆ ಸಿಕ್ಕ ಇನ್ನೊಬ್ಬನಿದ್ದಾನೆ: ತಗಾಸ್ತೆಯ ಬಿಷಪ್ ಫಿರ್ಮುಸ್. ತಾನು ಅಡಗಿಸಿಟ್ಟವನನ್ನು ಹುಡುಕಿ ಬಂದ ಅಧಿಕಾರಿಗಳಿಗೆ ಅವನು, ಸುಳ್ಳನ್ನೂ ಹೇಳಲಾರೆ, ಆ ಮನುಷ್ಯನನ್ನೂ ಒಪ್ಪಿಸಲಾರೆ ಎಂದು ಉತ್ತರಿಸಿ ಚಿತ್ರಹಿಂಸೆಯನ್ನು ಸಹಿಸಿದನು. ಕೌಶಿಕನಿಗೆ ಈ ಮೂರನೆಯ ದಾರಿ ತೋಚಲಿಲ್ಲ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು, ಕೃಷ್ಣನ ನಿಯಮವು ದುರ್ಬಲರ ಪ್ರಾಣ ಕಾಯುವ ಸುಳ್ಳಿಗೆ ಸಂಬಂಧಿಸಿದ್ದು, ಮತ್ತು ಅದು ಎಲ್ಲ ಮನುಷ್ಯರಿಗೂ ಹೇಳಿದ್ದು. ದ್ರೋಣನಿಗೆ ಆಡಿದ ಸುಳ್ಳು ಈ ನಿಯಮದೊಳಗೆ ಅರ್ಧ ಮಾತ್ರ ಸೇರುತ್ತದೆ. ಅದು ಸಾವಿರಾರು ಸೈನಿಕರನ್ನು ಉಳಿಸಿತು, ನಿಜ. ಆದರೆ ಅದು ಒಬ್ಬನನ್ನು ಅಡಗಿಸಲು ಆಡಿದ ಸುಳ್ಳಲ್ಲ, ಒಬ್ಬನನ್ನು ಕೊಲ್ಲಲು ಆಡಿದ ಸುಳ್ಳು. ಅದು ಕೆಲಸ ಮಾಡಿದ್ದು ಕೇಳಿದವನ ದಡ್ಡತನದಿಂದಲ್ಲ, ಅವನ ವಿಶ್ವಾಸದಿಂದ. ಭೀಮನ ಸುಳ್ಳಿನಲ್ಲಿ ಆ ಶಕ್ತಿ ಇರಲಿಲ್ಲ.

ಆದ್ದರಿಂದ, ಕಪಟ ಅನ್ಯಾಯವೇ ಎಂಬ ಪ್ರಶ್ನೆಗೆ ಕಾವ್ಯದ ಉತ್ತರ ನಮ್ಮ ದೃಷ್ಟಿಯಲ್ಲಿ ಹೌದು. ದೈವಕ್ಕೆ ಬೇರೆ ನಿಯಮವಿದೆಯೇ ಎಂಬುದಕ್ಕೆ ಇಲ್ಲ. ಲೆಕ್ಕ ಚುಕ್ತಾ ಆಗುವುದು ಕೊನೆಯ ಪರ್ವದಲ್ಲಿ. ಸ್ವರ್ಗಕ್ಕೆ ಹೋದ ಯುಧಿಷ್ಠಿರನಿಗೆ ತನ್ನವರೆಲ್ಲ ನರಕದಲ್ಲಿ ನರಳುತ್ತಿರುವಂತೆ ಕಾಣುತ್ತದೆ. ಅದು ತೋರಿಕೆ ಮಾತ್ರ. ನೀನು ದ್ರೋಣನನ್ನು ಮಗನ ವಿಷಯದಲ್ಲಿ ನೆಪಮಾತಿನಿಂದ ವಂಚಿಸಿದೆ, ಆದ್ದರಿಂದ ನೆಪದಿಂದಲೇ ನಿನಗೆ ನರಕವನ್ನು ತೋರಿಸಲಾಯಿತು ಎಂದು ಇಂದ್ರನು ವಿವರಿಸುತ್ತಾನೆ. ತಪ್ಪಿನ ಆಕಾರವೇ ಶಿಕ್ಷೆಗೆ. ದ್ರೋಣನು ಸಾಯದ ಮಗನಿಗಾಗಿ ದುಃಖಿಸಿದನು, ಯುಧಿಷ್ಠಿರನು ನರಕದಲ್ಲಿ ಉಳಿಯದ ತಮ್ಮಂದಿರಿಗಾಗಿ. ಆದರೆ ಈ ಸಮತೆಯಲ್ಲಿ ಒಂದು ಬಿರುಕಿದೆ. ಸುಳ್ಳನ್ನು ರೂಪಿಸಿದವನು ಕೃಷ್ಣ. ಅದಕ್ಕೆ ಹೆಸರಿಟ್ಟು ದಂಡ ಕೊಟ್ಟದ್ದು ಯುಧಿಷ್ಠಿರನಿಗೆ. ಗಾಂಧಾರಿಯ ಶಾಪದಂತೆ ಮೂವತ್ತಾರನೆಯ ವರ್ಷದಲ್ಲಿ ಯಾದವರು ಪರಸ್ಪರ ಹೊಡೆದಾಡಿ ಸತ್ತು, ಕೃಷ್ಣನೂ ಬೇಡನೊಬ್ಬನ ಬಾಣಕ್ಕೆ ಗುರಿಯಾದನು ಎಂಬುದು ಸರಿ. ಆದರೆ ಗಾಂಧಾರಿ ಶಪಿಸಿದ್ದು ಅವನ ಉಪೇಕ್ಷೆಗಾಗಿ, ಆ ಸುಳ್ಳಿಗಾಗಿ ಅಲ್ಲ. ಅದನ್ನು ಸುಳ್ಳಿನ ಬೆಲೆಯೆಂದು ಹೇಳಿದರೆ ನಾವು ಕಾವ್ಯಕ್ಕೆ ಇಲ್ಲದ್ದನ್ನು ಸೇರಿಸಿದಂತಾಗುತ್ತದೆ.

ಕನ್ನಡದ ಓದುಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಗಮಕಿಗಳ ಬಾಯಲ್ಲಿ ನಾವು ಕೇಳಿದ ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ಮುಗಿಯುತ್ತದೆ; ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದನು, ಅದನ್ನು ಓದುವವರು ವಿರಳ. ಹೀಗಾಗಿ ಕಪಟದ ಪ್ರಸಂಗಗಳು ನಮ್ಮ ಜನರಿಗೆ ಬಾಯಿಪಾಠ. ಸ್ವರ್ಗಾರೋಹಣದ ಲೆಕ್ಕಾಚಾರ ಅಪರಿಚಿತ. ‘ಲೀಲೆ’ ಎಂಬ ಉತ್ತರ ನಮ್ಮಲ್ಲಿ ಇಷ್ಟು ಸುಲಭವಾಗಿ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನಮ್ಮ ಊಹೆ.

ಇನ್ನು ನಮ್ಮ ಮನೆಯ ವಿಚಾರ. ಮೊದಲ ಬಗೆಯ ಪ್ರಬಂಧ ಬರೆದ ವಿದ್ಯಾರ್ಥಿಗೆ ನಾವು ಸಾಮಾನ್ಯವಾಗಿ ಅರಸುಗಳ ಮೊದಲನೆಯ ಗ್ರಂಥದ ಇಪ್ಪತ್ತೆರಡನೆಯ ಅಧ್ಯಾಯವನ್ನು ಓದಲು ಹೇಳುತ್ತೇವೆ. ರಾಮೋತ್ ಗಿಲ್ಯಾದಿನ ಮೇಲೆ ದಂಡೆತ್ತಲು ಹೊರಟ ಅಹಾಬನಿಗೆ ನಾನೂರು ಪ್ರವಾದಿಗಳು ಜಯವನ್ನು ನುಡಿಯುತ್ತಾರೆ. ಮೀಕಾಯೆಹು ತಾನು ಕಂಡ ದರ್ಶನವನ್ನು ಹೇಳುತ್ತಾನೆ: ಸರ್ವೇಶ್ವರನ ಸಭೆಯಲ್ಲಿ ಅಹಾಬನನ್ನು ಮರುಳುಗೊಳಿಸುವವರು ಯಾರೆಂಬ ಪ್ರಶ್ನೆ ಬಂದಿತು, ಒಂದು ಆತ್ಮವು ಮುಂದೆ ಬಂದು ಆ ಪ್ರವಾದಿಗಳ ಬಾಯಲ್ಲಿ ಸುಳ್ಳಿನ ಆತ್ಮವಾಗುವೆನೆಂದಿತು, ಅದಕ್ಕೆ ಅಪ್ಪಣೆ ದೊರೆಯಿತು. ದೇವರು ಸುಳ್ಳಾಡಲಾರನು ಎಂದು ಹಿಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಈ ಸಭೆಯಲ್ಲಿ ಕುಳಿತಿರುವವನೂ ಅದೇ ದೇವರು. ದೇವರು ಅನುಮತಿಸಿದನೇ ಹೊರತು ಪ್ರೇರಿಸಲಿಲ್ಲ ಎಂಬ ರೂಢಿಯ ಪರಿಹಾರವು ಪಠ್ಯದ ಮಾತಿಗಿಂತ ಮೃದುವಾಗಿದೆ. ನಮ್ಮ ನೆರೆಯವರ ಕಾವ್ಯಕ್ಕೆ ಕೊಡದ ರಿಯಾಯಿತಿಯನ್ನು ನಮ್ಮ ಗ್ರಂಥಕ್ಕೆ ಮಾತ್ರ ಕೊಡುವುದು ನ್ಯಾಯವಲ್ಲ.

ಬೇರೆ ನಿಯಮ ಎಂಬ ದಾರಿ ನಮಗೂ ಸ್ವಲ್ಪ ದೂರದವರೆಗೆ ತೆರೆದಿದೆ ಎಂಬುದನ್ನು ಒಪ್ಪಬೇಕು. ಅಬ್ರಹಾಮನಿಗೆ ಮಗನನ್ನು ಬಲಿಕೊಡಲು ಹೇಳಿದ್ದು, ಇಸ್ರಯೇಲರು ಈಜಿಪ್ಟಿನವರ ಒಡವೆಗಳನ್ನು ಒಯ್ದದ್ದು, ಹೋಶೇಯನ ಮದುವೆ, ಈ ಮೂರನ್ನೂ ಸಂತ ತೋಮಸ್ ಅಕ್ವಿನಾಸರು ಒಂದೇ ರೀತಿಯಲ್ಲಿ ಬಿಡಿಸುತ್ತಾರೆ. ಪ್ರಾಣ, ಸ್ವತ್ತು, ವಿವಾಹ ಎಲ್ಲವೂ ದೇವರದೇ. ಒಡೆಯನು ತನ್ನದನ್ನು ತೆಗೆದುಕೊಂಡರೆ ಅದು ಕೊಲೆಯೂ ಅಲ್ಲ, ಕಳವೂ ಅಲ್ಲ. ಆದರೆ ಈ ಪಟ್ಟಿಯಲ್ಲಿ ಸುಳ್ಳು ಇಲ್ಲ, ಇರಲೂ ಆಗದು. ಪ್ರಾಣವು ದೇವರ ಸೊತ್ತು. ಸತ್ಯವು ದೇವರ ಸೊತ್ತಲ್ಲ, ಅದು ದೇವರೇ. ತನ್ನ ಸೊತ್ತನ್ನು ಬಿಟ್ಟುಕೊಡಬಲ್ಲವನು ತನ್ನನ್ನೇ ನಿರಾಕರಿಸಲಾರನು. ಅಂದರೆ ಕೊಲ್ಲುವ ದೇವರನ್ನು ನಮ್ಮ ಶಾಸ್ತ್ರ ಹೇಗೋ ಸಮರ್ಥಿಸಬಲ್ಲದು, ಸುಳ್ಳಾಡುವ ದೇವರನ್ನು ಸಮರ್ಥಿಸಲಾರದು. ಕೃಷ್ಣನನ್ನು ಲೀಲೆಯ ಹೆಸರಿನಲ್ಲಿ ಬಿಡಿಸುವ ಸೌಜನ್ಯವಂತ ವಿದ್ಯಾರ್ಥಿ, ತನ್ನ ಸ್ವಂತ ನಂಬಿಕೆಯಲ್ಲಿ ತನಗೆ ಲಭ್ಯವಿಲ್ಲದ ಒಂದು ತತ್ತ್ವವನ್ನು ದಾನ ಮಾಡುತ್ತಿದ್ದಾನೆ.

ಆದರೂ ನಮ್ಮ ಪಿತಾಮಹರಲ್ಲಿ ಒಬ್ಬರು ಆ ದಾನಕ್ಕೆ ಕೈಹಾಕಿದ್ದುಂಟು. ನಿಸ್ಸಾದ ಸಂತ ಗ್ರೆಗೊರಿಯವರು ತಮ್ಮ ಮಹಾ ಧರ್ಮೋಪದೇಶದಲ್ಲಿ, ಕ್ರಿಸ್ತನ ದೇಹದ ಮರೆಯಲ್ಲಿ ದೈವತ್ವ ಅಡಗಿತ್ತು, ಸೈತಾನನು ಎರೆಯೊಡನೆ ಗಾಳವನ್ನೂ ನುಂಗಿದ ಮೀನಿನಂತೆ ಸಿಕ್ಕಿಬಿದ್ದನು ಎನ್ನುತ್ತಾರೆ. ಇದು ಒಂದು ಬಗೆಯ ವಂಚನೆಯೆಂದು ಅವರು ತಾವೇ ಒಪ್ಪಿಕೊಂಡು ಸಮರ್ಥನೆಗೆ ಇಳಿಯುತ್ತಾರೆ. ಮೋಸಗಾರನಿಗೆ ಮೋಸವೇ ತಕ್ಕ ಪ್ರತಿಫಲ. ಆಹಾರದಲ್ಲಿ ವಿಷ ಬೆರೆಸುವವನೂ ಮದ್ದು ಬೆರೆಸುವವನೂ ಒಂದೇ ಕೆಲಸ ಮಾಡಿದರೂ ಉದ್ದೇಶ ಬೇರೆ. ಕೊನೆಗೆ ಮೋಸಹೋದವನಿಗೂ ಅದರಿಂದ ಒಳಿತೇ ಆಗುವುದು. ಇವುಗಳಲ್ಲಿ ಮೊದಲನೆಯ ವಾದವನ್ನು ದುರ್ಯೋಧನನ ಪತನದ ಬಳಿ ನಿಂತ ಕೃಷ್ಣನೂ ಬಳಸಬಹುದಿತ್ತು. ಮೂರನೆಯದು ಮಾತ್ರ ಗ್ರೆಗೊರಿಯವರ ಸ್ವಂತದ್ದು, ಅದೇ ಅವರ ವಾದದ ಬಲವೂ ಹೌದು. ಧರ್ಮಸಭೆಯ ಚಿಂತನೆ ಮುಂದೆ ಈ ಗಾಳವನ್ನು ಕೈಬಿಟ್ಟಿತು. ಸೈತಾನನಿಗೆ ಮನುಷ್ಯನ ಮೇಲೆ ಯಾವ ಹಕ್ಕೂ ಇರಲಿಲ್ಲ, ಆದ್ದರಿಂದ ಅವನೊಡನೆ ವ್ಯವಹಾರವೇ ಬೇಕಿರಲಿಲ್ಲ ಎಂದು ಸಂತ ಆನ್ಸೆಲ್ಮರು ವಾದಿಸಿದರು. ಗ್ರೆಗೊರಿಯವರನ್ನು ನಾವು ಇದಕ್ಕಾಗಿ ಹಳಿಯುವುದಿಲ್ಲ. ಒಬ್ಬ ಮಹಾಸಂತನ ಮನಸ್ಸೂ ಕಪಟದ ಗೆಲುವಿನಲ್ಲಿ ಸಂತೋಷ ಕಾಣಬಲ್ಲದು ಎಂಬುದನ್ನು ನೆನಪಿಟ್ಟರೆ, ಕೃಷ್ಣನ ಉಪಾಯಕ್ಕೆ ತಲೆದೂಗುವ ಭಕ್ತರನ್ನು ಕಂಡು ನಾವು ಅಚ್ಚರಿಪಡಬೇಕಾಗಿಲ್ಲ.

ನಮ್ಮಲ್ಲಿ ಯುಧಿಷ್ಠಿರನ ದಾರಿ ಹಿಡಿದವರೂ ಇದ್ದರು. ಮಾತಿನ ಒಂದು ಭಾಗವನ್ನು ಕೇಳುವಂತೆ ಆಡಿ ಉಳಿದದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡರೆ ಅದು ಸುಳ್ಳಲ್ಲ ಎಂದು ಕಲಿಸಿದ ನೀತಿಶಾಸ್ತ್ರಜ್ಞರ ವಾದವನ್ನು ಪೋಪ್ ಹನ್ನೊಂದನೆಯ ಇನೊಸೆಂಟರು 1679ರಲ್ಲಿ ಖಂಡಿಸಬೇಕಾಯಿತು. ಮೆಲ್ಲಗೆ ನುಡಿದ ಆನೆ ಎಂಬ ಶಬ್ದ ಆ ವಾದದ ಅತ್ಯಂತ ಚಿಕ್ಕ ರೂಪ.

ಮೀಕಾಯೆಹುವಿನ ಪ್ರಸಂಗಕ್ಕೆ ಮರಳಿದರೆ ಒಂದು ವ್ಯತ್ಯಾಸ ಉಳಿಯುತ್ತದೆ, ಅದನ್ನು ಅತಿಶಯವಿಲ್ಲದೆ ಹೇಳಬಯಸುತ್ತೇವೆ. ಅಹಾಬನನ್ನು ಮರುಳುಗೊಳಿಸುವ ಯೋಜನೆ ಗುಟ್ಟಾಗಿ ಉಳಿಯುವುದಿಲ್ಲ. ಎರಡು ರಾಜರು ಸಿಂಹಾಸನದ ಮೇಲೆ ಕುಳಿತಿರುವಾಗ, ನಾನೂರು ಪ್ರವಾದಿಗಳ ಎದುರಿನಲ್ಲಿ, ಯುದ್ಧಕ್ಕೆ ಹೊರಡುವ ಮೊದಲೇ, ನಿನ್ನನ್ನು ಮೋಸಗೊಳಿಸಲಾಗುತ್ತಿದೆ ಎಂದು ಅಹಾಬನಿಗೆ ಸ್ಪಷ್ಟವಾಗಿ ಹೇಳಲಾಗುತ್ತದೆ. ಹೇಳಿದವನು ಸರ್ವೇಶ್ವರನ ಪ್ರವಾದಿಯೇ. ಅಹಾಬನು ಅದನ್ನು ಕೇಳಿ, ನಂಬದೆ, ಅಥವಾ ಅರ್ಧ ನಂಬಿ, ವೇಷ ಮರೆಸಿಕೊಂಡು ಯುದ್ಧಕ್ಕೆ ಹೋದನು. ತನ್ನ ಮೋಸವನ್ನು ತಾನೇ ಮೊದಲು ಬಯಲುಮಾಡುವ ಮೋಸವನ್ನು ಏನೆಂದು ಕರೆಯಬೇಕೋ ನಮಗೆ ತಿಳಿಯದು. ಆದರೆ ಅದು ದ್ರೋಣನಿಗೆ ಆದ ಮೋಸವಲ್ಲ. ದ್ರೋಣನು ತಾನಾಗಿಯೇ ನಿಂತು ಕೇಳಿದನು. ಕೇಳಲು ತಕ್ಕವನನ್ನೇ ಕೇಳಿದನು. ಅವನ ಎದುರಿಗೆ ಬಂದು ಹೋದ ಋಷಿಗಳಿಗೂ, ರಥದ ಬಳಿ ಇದ್ದ ಕೃಷ್ಣನಿಗೂ, ಉತ್ತರ ಹೇಳಿದ ಶಿಷ್ಯನಿಗೂ ಗೊತ್ತಿದ್ದದ್ದು ಅವನೊಬ್ಬನಿಗೆ ಗೊತ್ತಿರಲಿಲ್ಲ: ಅಶ್ವತ್ಥಾಮನು ಅದೇ ರಣರಂಗದ ಇನ್ನೊಂದು ಕಡೆಯಲ್ಲಿ ಹೋರಾಡುತ್ತಿದ್ದನು.